ಡಿಡಕ್ಟಿಬಲ್ ಮತ್ತು ಕೋ-ಪೇ: ಆಸ್ಪತ್ರೆ ಬಿಲ್ಲಿನಲ್ಲಿ ನಮ್ಮ ಜೇಬಿನಿಂದ ಹೋಗುವುದೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅಪ್ಪ-ಅಮ್ಮ ಊರಿನಲ್ಲಿದ್ದಾರೆ, ದೊಡ್ಡ ಚಿಕಿತ್ಸೆ ಎಂದರೆ ಎಲ್ಲರೂ ಬರುವುದು ಬೆಂಗಳೂರಿನ ಆಸ್ಪತ್ರೆಗೆ. ಅರವತ್ತು ದಾಟಿದ ತಂದೆ-ತಾಯಿಗೆ ಪಾಲಿಸಿ ತೆಗೆದುಕೊಳ್ಳಲು ಹೊರಟಾಗ ಈ ಎರಡು ಪದಗಳು ಎದುರಾಗುತ್ತವೆ. ಹಾಗಾಗಿ ಇಲ್ಲಿನ ಪ್ರಶ್ನೆಗಳೆಲ್ಲ ಅಂಥ ಮನೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡವು. ಬಿಲ್ ಮತ್ತು ಪ್ರೀಮಿಯಂ ಮೊತ್ತಗಳು ಲೆಕ್ಕ ತೋರಿಸಲು ಇಟ್ಟುಕೊಂಡ ಉದಾಹರಣೆಗಳು. ನಿಮ್ಮ ಪಾಲಿಸಿಯ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿ ನೋಡಬಹುದು.

ಎರಡರಲ್ಲೂ ನಾವೇ ಸ್ವಲ್ಪ ಕಟ್ಟಬೇಕು ಅಂತಾರೆ. ಹಾಗಾದರೆ ವ್ಯತ್ಯಾಸ ಏನು?

ಡಿಡಕ್ಟಿಬಲ್ ಎಂದರೆ ರೂಪಾಯಿ ಲೆಕ್ಕದಲ್ಲಿ ಮೊದಲೇ ಗೊತ್ತು ಮಾಡಿದ ಮೊತ್ತ. ಅಲ್ಲಿಯವರೆಗಿನ ಖರ್ಚು ನಿಮ್ಮದು, ಅದು ದಾಟಿದ ಮೇಲಿನದ್ದು ವಿಮಾ ಕಂಪನಿಯದ್ದು. 50,000 ರೂಪಾಯಿ ಡಿಡಕ್ಟಿಬಲ್ ಇದ್ದರೆ ಬಿಲ್ ಎರಡು ಲಕ್ಷವಾಗಲಿ, ಎಂಟು ಲಕ್ಷವಾಗಲಿ, ನಿಮ್ಮ ಪಾಲು 50,000ವೇ.

ಕೋ-ಪೇಮೆಂಟ್ ಶೇಕಡಾ ಲೆಕ್ಕ. ಶೇ 20 ಕೋ-ಪೇ ಇದ್ದರೆ ಕಂಪನಿ ಒಪ್ಪಿದ ಪ್ರತಿ ನೂರು ರೂಪಾಯಿಯಲ್ಲಿ ಇಪ್ಪತ್ತು ನಿಮ್ಮದು. ಬಿಲ್ ಬೆಳೆದಂತೆ ನಿಮ್ಮ ಪಾಲೂ ಬೆಳೆಯುತ್ತದೆ. ಇಲ್ಲಿಗೆ ಸಾಕು ಎಂದು ನಿಲ್ಲಿಸುವ ಮಿತಿ ಸಾಮಾನ್ಯವಾಗಿ ಅದಕ್ಕಿರುವುದಿಲ್ಲ.

ವಿಮಾ ನಿಯಂತ್ರಕ ಐಆರ್‌ಡಿಎಐ ಕೊಟ್ಟಿರುವ ವ್ಯಾಖ್ಯೆಯ ಪ್ರಕಾರ ಇವೆರಡೂ ನಿಮ್ಮ ವಿಮಾ ಮೊತ್ತವನ್ನು ಕಡಿಮೆ ಮಾಡುವುದಿಲ್ಲ. ಹತ್ತು ಲಕ್ಷದ ಪಾಲಿಸಿಗೆ ಶೇ 20 ಕೋ-ಪೇ ಇದ್ದ ಮಾತ್ರಕ್ಕೆ ಅದು ಎಂಟು ಲಕ್ಷದ ಪಾಲಿಸಿ ಆಗುವುದಿಲ್ಲ.

ಒಂದು ಬಿಲ್ ಇಟ್ಟುಕೊಂಡು ಲೆಕ್ಕ ತೋರಿಸಿ.

ಹಾಸನದಲ್ಲಿರುವ 67 ವರ್ಷದ ತಾಯಿಗೆ ಜಯನಗರದ ಆಸ್ಪತ್ರೆಯೊಂದರಲ್ಲಿ ಒಂದು ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು ಎಂದುಕೊಳ್ಳೋಣ. ಫೈನಲ್ ಬಿಲ್ 3,40,000 ರೂಪಾಯಿ.

ಕಂಪನಿ ಈ 3,40,000ವನ್ನು ನೇರವಾಗಿ ತೆಗೆದುಕೊಂಡು ಶೇ 20 ಕಳೆಯುವುದಿಲ್ಲ. ಮೊದಲು ತಾನು ಕೊಡದ ಬಾಬ್ತುಗಳನ್ನು ತೆಗೆಯುತ್ತದೆ: ಗ್ಲೌಸ್, ಡೈಪರ್, ರೋಗಿಯ ಜೊತೆಗಿದ್ದವರ ಊಟ, ರಿಜಿಸ್ಟ್ರೇಷನ್ ಶುಲ್ಕ, ಇಂಥವು. ಅವೆಲ್ಲ ಸೇರಿ 20,000 ಆಯಿತು ಅನ್ನಿ. ಉಳಿದ 3,20,000 ಕಂಪನಿ ಒಪ್ಪಿದ ಮೊತ್ತ. ಕೋ-ಪೇ ಆಗಲಿ ಡಿಡಕ್ಟಿಬಲ್ ಆಗಲಿ ಲೆಕ್ಕಕ್ಕೆ ಬರುವುದು ಈ ಮೊತ್ತದ ಮೇಲೆ.

ಶೇ 20 ಕೋ-ಪೇ ಇದ್ದರೆ 3,20,000ದ ಶೇ 20, ಅಂದರೆ 64,000. ಅದಕ್ಕೆ ಮೊದಲೇ ತೆಗೆದಿಟ್ಟ 20,000 ಸೇರಿಸಿ. ಮನೆಯಿಂದ ಹೋಗುವುದು 84,000.

ಕೋ-ಪೇ ಬದಲು 50,000 ಡಿಡಕ್ಟಿಬಲ್ ಇದ್ದಿದ್ದರೆ 50,000 ಮತ್ತು ಅದೇ 20,000, ಒಟ್ಟು 70,000. ಡಿಡಕ್ಟಿಬಲ್ ಒಂದು ಲಕ್ಷವಾಗಿದ್ದರೆ 1,20,000.

“ಕೋ-ಪೇ ಇಪ್ಪತ್ತು ಪರ್ಸೆಂಟ್ ಅಂದ್ರು, ಹೋಗಿದ್ದು ಇಪ್ಪತ್ತೈದು ಪರ್ಸೆಂಟ್” ಎಂಬ ದೂರು ಹುಟ್ಟುವುದು ಬಹುತೇಕ ಈ 20,000ದಿಂದ. ಏಜೆಂಟರು ಹೇಳುವ ಶೇಕಡಾವಾರಿನಲ್ಲಿ ಅದು ಸೇರಿರುವುದೇ ಇಲ್ಲ. ಇದರ ಜೊತೆಗೆ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದ್ದು, ನೀವು ಅದಕ್ಕಿಂತ ದುಬಾರಿ ರೂಮ್ ತೆಗೆದುಕೊಂಡಿದ್ದರೆ ಪೆಟ್ಟು ಇನ್ನೂ ದೊಡ್ಡದು. ದಿನಕ್ಕೆ 5,000 ಮಿತಿ, ನೀವು ತೆಗೆದುಕೊಂಡದ್ದು 8,000ದ ರೂಮ್ ಎಂದರೆ, ಬಾಡಿಗೆಯ ವ್ಯತ್ಯಾಸ ಮಾತ್ರ ಹೋಗುವುದಿಲ್ಲ. ಸರ್ಜನ್ ಫೀ, ಓಟಿ ಚಾರ್ಜುಗಳಂಥ ಬಾಬ್ತುಗಳನ್ನೂ ಎಂಟಕ್ಕೆ ಐದರಂತೆ ಇಳಿಸುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಔಷಧಿ, ಇಂಪ್ಲಾಂಟ್ ಮತ್ತು ಪರೀಕ್ಷೆಗಳ ಖರ್ಚನ್ನು ಮಾತ್ರ ಹಾಗೆ ಇಳಿಸುವಂತಿಲ್ಲ. ಹೀಗೆ ಇಳಿಸಿದ ನಂತರ ಉಳಿದದ್ದರ ಮೇಲೆ ಮತ್ತೆ ಕೋ-ಪೇ ಬೀಳುತ್ತದೆ.

ಯಾವುದು ಕಡಿಮೆ ಭಾರ, ಶೇ 20 ಕೋ-ಪೇಯೋ, ಡಿಡಕ್ಟಿಬಲ್ಲೋ?

ಇದಕ್ಕೆ ಸುಲಭದ ಲೆಕ್ಕವೊಂದಿದೆ. ಡಿಡಕ್ಟಿಬಲ್ ಮೊತ್ತವನ್ನು ಕೋ-ಪೇ ಶೇಕಡಾವಾರಿನಿಂದ ಭಾಗಿಸಿ. 50,000ವನ್ನು ಶೇ 20ರಿಂದ ಭಾಗಿಸಿದರೆ 2,50,000. ಒಪ್ಪಿದ ಮೊತ್ತ ಎರಡೂವರೆ ಲಕ್ಷದ ಹತ್ತಿರ ಇದ್ದಾಗ ಎರಡೂ ಒಂದೇ. ಅದಕ್ಕಿಂತ ಚಿಕ್ಕ ಕ್ಲೇಮಿನಲ್ಲಿ ಕೋ-ಪೇ ಅಗ್ಗ, ದೊಡ್ಡದರಲ್ಲಿ ಡಿಡಕ್ಟಿಬಲ್ ಅಗ್ಗ. ಒಂದು ಲಕ್ಷ ಡಿಡಕ್ಟಿಬಲ್‌ಗೆ ಆ ಗಡಿ ಐದು ಲಕ್ಷ.

ಡೆಂಗಿ ಜ್ವರಕ್ಕೆ ನಾಲ್ಕು ದಿನ ಸೇರಿಸಿ, ಒಪ್ಪಿದ ಮೊತ್ತ 60,000 ಆಯಿತು ಅನ್ನಿ. ಕೋ-ಪೇ ಇದ್ದವರು 12,000 ಕಟ್ಟುತ್ತಾರೆ. 50,000 ಡಿಡಕ್ಟಿಬಲ್ ಇದ್ದವರಿಗೆ ಕಂಪನಿಯಿಂದ ಬರುವುದು ಹತ್ತೇ ಸಾವಿರ. ಒಂದು ಲಕ್ಷ ಡಿಡಕ್ಟಿಬಲ್ ಇದ್ದವರಿಗೆ ಏನೂ ಇಲ್ಲ. ಈಗ ಉಲ್ಟಾ ನೋಡಿ. ಬೈಪಾಸ್ ಸರ್ಜರಿಯಾಗಿ ಐಸಿಯುವಿನಲ್ಲಿ ದಿನಗಳು ಹೆಚ್ಚಾದವು, ಒಪ್ಪಿದ ಮೊತ್ತ 8,60,000 ಆಯಿತು. ಕೋ-ಪೇ 1,72,000 ತಲುಪುತ್ತದೆ. 50,000ದ ಡಿಡಕ್ಟಿಬಲ್ 50,000ವಾಗಿಯೇ ಉಳಿಯುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ. ಬ್ಯಾಂಕಿನಲ್ಲಿ ಅರ್ಧ ಲಕ್ಷವೋ ಒಂದು ಲಕ್ಷವೋ ಕದಲಿಸದೆ ಇಡಬಲ್ಲ ಮನೆಗೆ ಡಿಡಕ್ಟಿಬಲ್ ಒಳ್ಳೆಯದು. ಎಷ್ಟು ದುಡ್ಡು ಸಿದ್ಧವಿಟ್ಟುಕೊಳ್ಳಬೇಕು ಎಂಬುದು ಇವತ್ತೇ ಗೊತ್ತಿರುತ್ತದೆ. ಕೋ-ಪೇ ಹಾಗಲ್ಲ. ಎಷ್ಟು ಕಟ್ಟಬೇಕಾಗಬಹುದು ಎಂಬುದು ತಿಳಿಯುವುದು ಡಿಸ್ಚಾರ್ಜ್ ದಿನ, ಅದೂ ಬಿಲ್ ಅತಿ ದೊಡ್ಡದಾದಾಗಲೇ ಅತಿ ಹೆಚ್ಚು. ನಾವು ವಿಮೆ ಮಾಡಿಸಿದ್ದೇ ಆ ದೊಡ್ಡ ಬಿಲ್ಲಿಗೆ ಹೆದರಿ.

ಕೋ-ಪೇ ಒಪ್ಪಿಕೊಂಡರೆ ಪ್ರೀಮಿಯಂ ಕಡಿಮೆ ಆಗುತ್ತದಲ್ಲ?

ಆಗುತ್ತದೆ. ಎಷ್ಟು ಎಂದು ಕೇಳಿ, ಎರಡೂ ಕೊಟೇಷನ್ ಪಕ್ಕಪಕ್ಕ ಇಡಿ. ಕೋ-ಪೇ ಇಲ್ಲದ ಪಾಲಿಸಿಗೆ ವರ್ಷಕ್ಕೆ 42,000, ಶೇ 20 ಕೋ-ಪೇ ಇರುವುದಕ್ಕೆ 34,000 ಎಂದರೆ ಉಳಿತಾಯ 8,000. ಮೇಲಿನ ಮಂಡಿ ಸರ್ಜರಿಯ ಕೋ-ಪೇ 64,000, ಅಂದರೆ ಎಂಟು ವರ್ಷದ ಉಳಿತಾಯ ಒಂದೇ ದಾಖಲಾತಿಯಲ್ಲಿ ಹೋಯಿತು. ಮೂವತ್ತರ ಹರೆಯದವರಿಗೆ ಎಂಟು ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತದೆ ಕಳೆಯಬಹುದು. ಅರವತ್ತೇಳರ ತಾಯಿಗೆ ಒಂದು ಮಂಡಿ ಆದ ಮೇಲೆ ಇನ್ನೊಂದು ಮಂಡಿ ಕಾಯುತ್ತಿರುತ್ತದೆ.

ಅಮ್ಮನ ಪಾಲಿಸಿಯಲ್ಲಿ ಹಾಸನದ ವಿಳಾಸ ಇದೆ. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ಹೆಚ್ಚು ಕಟ್ಟಬೇಕು ಅನ್ನುತ್ತಾರೆ. ನಿಜವೇ?

ನಿಜವಾಗಿರಬಹುದು. ಬೆಂಗಳೂರಿಗೂ ಜಿಲ್ಲೆಗಳಿಗೂ ಓಡಾಡುವ ಮನೆಗಳು ಮೊದಲು ನೋಡಬೇಕಾದದ್ದೇ ಇದು. ಕೆಲವು ಕಂಪನಿಗಳು ಊರುಗಳನ್ನು ಝೋನ್‌ಗಳಾಗಿ ವಿಂಗಡಿಸಿ ಪ್ರೀಮಿಯಂ ನಿಗದಿ ಮಾಡುತ್ತವೆ. ಚಿಕ್ಕ ಊರಿನ ಝೋನ್‌ನಲ್ಲಿ ಪ್ರೀಮಿಯಂ ಕಡಿಮೆ. ಆ ಕಡಿಮೆ ಪ್ರೀಮಿಯಂ ಕಟ್ಟಿ ದುಬಾರಿ ಝೋನ್‌ನ ನಗರದಲ್ಲಿ ಚಿಕಿತ್ಸೆ ಪಡೆದರೆ ಝೋನ್ ಕೋ-ಪೇ ಹಾಕುವ ಷರತ್ತು ಅಂಥ ಪಾಲಿಸಿಗಳಲ್ಲಿ ಕಾಣುತ್ತದೆ. ಬೆಂಗಳೂರು ಯಾವ ಝೋನ್ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಝೋನ್ ವಿಂಗಡಣೆಯನ್ನೇ ಮಾಡದ ಪಾಲಿಸಿಗಳೂ ಇವೆ.

ಇಂತಿಷ್ಟು ವಯಸ್ಸು ದಾಟಿದವರಿಗೆ ಹಾಕುವ ವಯಸ್ಸಿನ ಕೋ-ಪೇ ಮತ್ತು ಈ ಝೋನ್ ಕೋ-ಪೇ ಎರಡೂ ಒಟ್ಟಿಗೆ ಬೀಳಬಹುದು. ಅದೇ 3,20,000ಕ್ಕೆ ವಯಸ್ಸಿನದ್ದು ಶೇ 20, ಝೋನ್‌ನದ್ದು ಶೇ 10 ಇದೆ ಎಂದುಕೊಳ್ಳಿ. ಎರಡನ್ನೂ ಕೂಡಿಸಿ ಶೇ 30 ಎಂದು ಹಿಡಿಯುವ ಪಾಲಿಸಿಯಲ್ಲಿ ನಿಮ್ಮ ಪಾಲು 96,000. ಮೊದಲು ಶೇ 20 ಕಳೆದು, ಉಳಿದ 2,56,000ದ ಮೇಲೆ ಶೇ 10 ಹಾಕುವ ಪಾಲಿಸಿಯಲ್ಲಿ 64,000 ಮತ್ತು 25,600 ಸೇರಿ 89,600. ಯಾವ ಕ್ರಮ ಎಂಬುದು ಪಾಲಿಸಿ ಪುಸ್ತಕದಲ್ಲಿ ಬರೆದಿರಬೇಕು.

ದೊಡ್ಡ ಚಿಕಿತ್ಸೆಗೆ ಬೆಂಗಳೂರಿಗೇ ಬರುತ್ತೇವೆ ಎಂದು ಮೊದಲೇ ಗೊತ್ತಿದ್ದರೆ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಮೇಲಿನ ಝೋನ್ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಪಾಲಿಸಿ ಮಾಡುವಾಗಲೇ ಕೇಳಿ. ಪ್ರೀಮಿಯಂ ಉಳಿಸಲು ಸುಳ್ಳು ವಿಳಾಸ ಕೊಡಬೇಡಿ. ಆಧಾರ್ ಕಾರ್ಡಿನ ವಿಳಾಸ ಒಂದು, ಪಾಲಿಸಿಯ ವಿಳಾಸ ಇನ್ನೊಂದು ಎಂದಾದರೆ ಕ್ಲೇಮ್ ಸಮಯದಲ್ಲಿ ಪ್ರಶ್ನೆ ಏಳುತ್ತದೆ. ಅಮ್ಮ ಬೆಂಗಳೂರಿಗೇ ಬಂದು ನಿಮ್ಮ ಜೊತೆ ಇರತೊಡಗಿದರೆ ಕಂಪನಿಗೆ ತಿಳಿಸಿ ವಿಳಾಸ ಬದಲಿಸಿಕೊಳ್ಳಿ.

ಒಂದೇ ಪಾಲಿಸಿಯಲ್ಲಿ ಡಿಡಕ್ಟಿಬಲ್ಲೂ ಕೋ-ಪೇಯೂ ಇದ್ದರೆ?

ಯಾವುದನ್ನು ಮೊದಲು ಕಳೆಯುತ್ತಾರೆ ಎಂಬುದರ ಮೇಲೆ ನಿಮ್ಮ ಪಾಲು ಬದಲಾಗುತ್ತದೆ. 3,20,000ದಲ್ಲಿ ಮೊದಲು 50,000 ಡಿಡಕ್ಟಿಬಲ್ ಕಳೆದು ಉಳಿದದ್ದಕ್ಕೆ ಶೇ 20 ಹಾಕಿದರೆ ಕಂಪನಿ ಕೊಡುವುದು 2,16,000. ಮೊದಲು ಶೇ 20 ತೆಗೆದು ಆಮೇಲೆ 50,000 ಕಳೆದರೆ ಕೊಡುವುದು 2,06,000. ಹತ್ತು ಸಾವಿರದ ವ್ಯತ್ಯಾಸ. ಪಾಲಿಸಿ ಪುಸ್ತಕದಲ್ಲಿ ಕ್ರಮ ಹೇಳದೇ ಇದ್ದರೆ ಕಂಪನಿಗೆ ಇಮೇಲ್ ಬರೆದು ಉತ್ತರ ಪಡೆದಿಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಟಾಪ್-ಅಪ್, ಸೂಪರ್ ಟಾಪ್-ಅಪ್‌ಗಳಲ್ಲಿ ಬರುವ ಡಿಡಕ್ಟಿಬಲ್ ಇದೇನಾ?

ಇವು ಒಂದು ಮೊತ್ತದವರೆಗಿನ ಖರ್ಚನ್ನು ಬಿಟ್ಟು, ಅದರ ಮೇಲಿನದ್ದನ್ನು ಮಾತ್ರ ಕೊಡುವ ಹೆಚ್ಚುವರಿ ಪಾಲಿಸಿಗಳು. ಡಿಡಕ್ಟಿಬಲ್ ಇದೇ, ಆದರೆ ಮೊತ್ತ ದೊಡ್ಡದು, ಮೂರು ಲಕ್ಷ, ಐದು ಲಕ್ಷ ಹೀಗೆ. ಇಲ್ಲಿ ತಿಳಿಯಬೇಕಾದದ್ದು ಡಿಡಕ್ಟಿಬಲ್ ಪ್ರತಿ ಕ್ಲೇಮಿಗೋ, ಇಡೀ ವರ್ಷಕ್ಕೋ ಎಂಬುದು. ಸಾದಾ ಟಾಪ್-ಅಪ್‌ನಲ್ಲಿ ಪ್ರತಿ ಕ್ಲೇಮಿಗೆ; ಸೂಪರ್ ಟಾಪ್-ಅಪ್‌ನಲ್ಲಿ ವರ್ಷದ ಎಲ್ಲ ಕ್ಲೇಮುಗಳನ್ನೂ ಕೂಡಿಸಿ.

ಐದು ಲಕ್ಷ ಡಿಡಕ್ಟಿಬಲ್ ಇದೆ. ಒಂದೇ ವರ್ಷದಲ್ಲಿ ಅಪ್ಪ ಎರಡು ಸಲ ದಾಖಲಾದರು, ಒಮ್ಮೆ ಮೂರು ಲಕ್ಷ, ಇನ್ನೊಮ್ಮೆ ನಾಲ್ಕು ಲಕ್ಷ. ಸಾದಾ ಟಾಪ್-ಅಪ್‌ನಿಂದ ಒಂದು ರೂಪಾಯಿಯೂ ಬರುವುದಿಲ್ಲ, ಯಾಕೆಂದರೆ ಎರಡರಲ್ಲಿ ಯಾವುದೂ ಐದು ಲಕ್ಷ ದಾಟಲಿಲ್ಲ. ಸೂಪರ್ ಟಾಪ್-ಅಪ್ ಏಳು ಲಕ್ಷದಲ್ಲಿ ಐದು ಕಳೆದು ಎರಡು ಲಕ್ಷ ಕೊಡುತ್ತದೆ. ವಯಸ್ಸಾದವರಿಗೆ ಸೂಪರ್ ಟಾಪ್-ಅಪ್ಪೇ ಸರಿ.

ಡಿಡಕ್ಟಿಬಲ್ ಮೊತ್ತವನ್ನು ಬೇರೆ ಪಾಲಿಸಿ ಕೊಟ್ಟಿದ್ದರೂ ಆಗುತ್ತದೆ, ನೀವೇ ಕಟ್ಟಿದ್ದರೂ ಆಗುತ್ತದೆ. ಆದರೆ ಅದನ್ನು ಅಳೆಯುವುದು ಸೂಪರ್ ಟಾಪ್-ಅಪ್ ಕಂಪನಿಯ ನಿಯಮದ ಪ್ರಕಾರ. ಬಿಲ್ ಐದೂವರೆ ಲಕ್ಷ ಇದ್ದು, ಅದರಲ್ಲಿ ಐವತ್ತು ಸಾವಿರವನ್ನು ಅವರು ಒಪ್ಪದಿದ್ದರೆ, ಅವರ ಲೆಕ್ಕದಲ್ಲಿ ನೀವು ಐದು ಲಕ್ಷ ದಾಟಿಯೇ ಇಲ್ಲ. ಹಾಗಾಗಿ ಚಿಕ್ಕ ಬಿಲ್ಲುಗಳನ್ನೂ, ಮೊದಲ ಪಾಲಿಸಿಯ ಸೆಟ್ಲ್‌ಮೆಂಟ್ ಲೆಟರ್ ಅನ್ನೂ ವರ್ಷ ಮುಗಿಯುವವರೆಗೆ ಎಸೆಯಬೇಡಿ.

ಆಫೀಸಿನ ಗುಂಪು ವಿಮೆಯಲ್ಲಿ ಅಪ್ಪ-ಅಮ್ಮ ಇದ್ದಾರೆ. ಅಲ್ಲಿ ಕಳೆದ ಕೋ-ಪೇಯನ್ನು ಬೇರೆ ಪಾಲಿಸಿಯಿಂದ ಪಡೆಯಬಹುದೇ?

ಪಡೆಯಬಹುದು. ಆಫೀಸಿನ ವಿಮೆಯಲ್ಲಿ ಉದ್ಯೋಗಿಗೆ ಕೋ-ಪೇ ಇಲ್ಲದೆ, ತಂದೆ-ತಾಯಿಗೆ ಮಾತ್ರ ಶೇ 10ರಿಂದ 20 ಇರುವುದು ಮಾಮೂಲು. ಒಂದಕ್ಕಿಂತ ಹೆಚ್ಚು ಪಾಲಿಸಿ ಇದ್ದವರು ಒಂದರಲ್ಲಿ ಸಿಗದ ಮೊತ್ತವನ್ನು ಇನ್ನೊಂದರಲ್ಲಿ ಕೇಳಬಹುದು. ಮೊದಲ ಪಾಲಿಸಿಯ ವಿಮಾ ಮೊತ್ತ ಪೂರ್ತಿ ಖಾಲಿಯಾಗಿರಬೇಕು ಎಂದೇನಿಲ್ಲ. ಎರಡನೆಯ ಕಂಪನಿ ತನ್ನ ನಿಯಮದ ಪ್ರಕಾರ ಒಪ್ಪುವಷ್ಟನ್ನು ಕೊಡುತ್ತದೆ. ಒಟ್ಟು ಖರ್ಚಿಗಿಂತ ಹೆಚ್ಚು ಮಾತ್ರ ಸಿಗುವುದಿಲ್ಲ.

ಮಂಡಿ ಸರ್ಜರಿಯ 64,000ವನ್ನು ಹೀಗೆ ತರಬೇಕಾದರೆ, ಎರಡನೆಯ ಕಂಪನಿಗೆ ದಾಖಲಾತಿಯ ಸುದ್ದಿಯನ್ನು ಗಡುವಿನೊಳಗೇ ತಿಳಿಸಿರಬೇಕು. ಕೋ-ಪೇ ಎಷ್ಟು ಕಳೆದಿದೆ ಎಂದು ಬರೆದಿರುವ ಸೆಟ್ಲ್‌ಮೆಂಟ್ ಲೆಟರ್, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳ ದೃಢೀಕೃತ ಪ್ರತಿ, ಆಸ್ಪತ್ರೆಗೆ ನೀವು 64,000 ಕಟ್ಟಿದ ರಸೀತಿ ಬೇಕು. ಮೂಲ ಬಿಲ್ಲುಗಳು ಮೊದಲ ಕಂಪನಿಗೆ ಹೋಗಿರುತ್ತವೆ. ಆದ್ದರಿಂದ ಡಿಸ್ಚಾರ್ಜ್ ದಿನವೇ ಆಸ್ಪತ್ರೆಯಿಂದ ಸೀಲ್ ಹಾಕಿಸಿದ ಇನ್ನೊಂದು ಸೆಟ್ ತೆಗೆದುಕೊಳ್ಳಿ. ತಿಂಗಳ ನಂತರ ಹೋದರೆ ಅಲೆದಾಟ.

ಬಿಲ್ ವಿಮಾ ಮೊತ್ತವನ್ನೇ ದಾಟಿದರೆ ಕೋ-ಪೇ ಯಾವುದರ ಮೇಲೆ?

ಐದು ಲಕ್ಷದ ಪಾಲಿಸಿ, ಒಪ್ಪಬಹುದಾದ ಖರ್ಚು ಏಳು ಲಕ್ಷ, ಕೋ-ಪೇ ಶೇ 20. ಏಳು ಲಕ್ಷದ ಮೇಲೆ ಕೋ-ಪೇ ಹಾಕಿದರೆ 5,60,000 ಉಳಿಯುತ್ತದೆ, ವಿಮಾ ಮೊತ್ತದ ಮಿತಿಯಿಂದಾಗಿ ಐದು ಲಕ್ಷ ಪೂರ್ತಿ ಬರುತ್ತದೆ. ಐದು ಲಕ್ಷಕ್ಕೆ ಮೊದಲು ಇಳಿಸಿ ಆಮೇಲೆ ಶೇ 20 ಕಳೆದರೆ ನಾಲ್ಕೇ ಲಕ್ಷ. ಪಾಲಿಸಿಯ ಮಾತು ಏನಿದೆ ಎಂದು ಓದಿ. ಮೊದಲ ಕ್ರಮವೇ ನ್ಯಾಯ ಎಂದು ನನಗನಿಸುತ್ತದೆ, ಏಕೆಂದರೆ ಕೋ-ಪೇ ವಿಮಾ ಮೊತ್ತವನ್ನು ಇಳಿಸುವುದಿಲ್ಲ ಎಂಬುದು ವ್ಯಾಖ್ಯೆಯಲ್ಲೇ ಇದೆ. ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಯದೆ ಎರಡನೆಯ ಕ್ರಮ ಹಿಡಿದಿದ್ದರೆ ಪ್ರಶ್ನಿಸಿ.

ಇದೆಲ್ಲ ಪಾಲಿಸಿಯಲ್ಲಿ ಎಲ್ಲಿ ಬರೆದಿರುತ್ತದೆ?

ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಬರುತ್ತದೆ. 2024ರ ಜನವರಿಯಿಂದ ಅದು ಹೊಸ ನಮೂನೆಯಲ್ಲಿದ್ದು, ಕೋ-ಪೇ, ಡಿಡಕ್ಟಿಬಲ್ ಮತ್ತು ಒಂದೊಂದು ಚಿಕಿತ್ಸೆಗೋ ಬಾಬ್ತಿಗೋ ಹಾಕಿದ ಉಪಮಿತಿಗಳನ್ನು ಅದರಲ್ಲಿ ಹೇಳಲೇಬೇಕು. ಬೇಕೆಂದು ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಕೇಳಿ ಪಡೆದು ಅಪ್ಪ-ಅಮ್ಮನ ಕೈಗೇ ಕೊಡಿ. ಓದಿದ ಮೇಲೆ ಏಜೆಂಟ್ ಹೇಳದ ಕೋ-ಪೇ ಕಂಡರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ಅದನ್ನು ವಾಪಸ್ ಮಾಡುವ ಹಕ್ಕಿದೆ. ವೈದ್ಯಕೀಯ ಪರೀಕ್ಷೆ, ಸ್ಟ್ಯಾಂಪ್ ಶುಲ್ಕದಂಥ ಸಣ್ಣ ಕಡಿತದ ನಂತರ ಹಣ ಮರಳುತ್ತದೆ.

ವಯಸ್ಸಿನ ಕೋ-ಪೇಯಲ್ಲಿ ಒಂದು ವಾಕ್ಯ ನಿಧಾನವಾಗಿ ಓದಿ: ಅರವತ್ತು ದಾಟಿದ ಮೇಲೆ ಪಾಲಿಸಿಗೆ ಸೇರಿದವರಿಗೆ ಮಾತ್ರವೋ, ಅಥವಾ ಐವತ್ತರಲ್ಲೇ ಸೇರಿ ಈಗ ಅರವತ್ತು ದಾಟಿದವರಿಗೂ ಬರುತ್ತದೆಯೋ. ಎರಡೂ ಬಗೆಯ ಪಾಲಿಸಿಗಳಿವೆ. ಆರೋಗ್ಯ ಸಂಜೀವನಿ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ವಯಸ್ಸು ಎಷ್ಟೇ ಇರಲಿ ಪ್ರತಿ ಕ್ಲೇಮಿಗೂ ಶೇ 5 ಕೋ-ಪೇ ಇದೆ.

ಈಗಿರುವ ಕೋ-ಪೇಯನ್ನು ತೆಗೆಸಬಹುದೇ?

ಕೆಲವು ಪಾಲಿಸಿಗಳಲ್ಲಿ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ತೆಗೆಯುತ್ತಾರೆ. ಇಲ್ಲವಾದರೆ ಬೇರೆ ಕಂಪನಿಗೆ ಪೋರ್ಟ್ ಮಾಡಬೇಕು. ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಿ. ಕೆಲವು ಕಾಯಿಲೆಗಳಿಗೆ ಪಾಲಿಸಿ ಶುರುವಾದ ಮೇಲೆ ಇಷ್ಟು ಕಾಲ ಹಣ ಕೊಡುವುದಿಲ್ಲ ಎಂಬ ಕಾಯುವ ಅವಧಿ ಇರುತ್ತದೆ; ಹಳೆಯ ಪಾಲಿಸಿಯಲ್ಲಿ ಕಳೆದ ಆ ಅವಧಿಯ ಲಾಭ ಹೊಸದಕ್ಕೂ ಬರುತ್ತದೆ, ಆದರೆ ಆರೋಗ್ಯ ನೋಡಿ ಹೊಸ ಕಂಪನಿ ಬೇಡ ಎನ್ನಬಹುದು. ಹೊಸದು ಕೈಗೆ ಬರುವ ಮೊದಲು ಹಳೆಯದನ್ನು ಬಿಡಬೇಡಿ.

ಡಿಸ್ಚಾರ್ಜ್ ಹೊತ್ತಿನಲ್ಲಿ ಲೆಕ್ಕ ಸರಿ ಇದೆಯೇ ಎಂದು ತಿಳಿಯುವುದು ಹೇಗೆ?

ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಗೆ ಟಿಪಿಎ ಎನ್ನುತ್ತಾರೆ. ಆಸ್ಪತ್ರೆಯ ಟಿಪಿಎ ಡೆಸ್ಕಿನಲ್ಲಿ ಕಂಪನಿಯಿಂದ ಬಂದ ಅಂತಿಮ ಅಪ್ರೂವಲ್ ಲೆಟರ್ ಕೇಳಿ ಪಡೆಯಿರಿ. ಬಿಲ್ ಮೊತ್ತ, ಒಪ್ಪದ ಬಾಬ್ತು, ಆಸ್ಪತ್ರೆಯ ರಿಯಾಯಿತಿ, ಕೋ-ಪೇ, ಡಿಡಕ್ಟಿಬಲ್ ಬೇರೆ ಬೇರೆಯಾಗಿ ಕಾಣಬೇಕು. ನಮ್ಮ ಉದಾಹರಣೆಯಲ್ಲಿ ಕೋ-ಪೇ ಸಾಲಿನಲ್ಲಿ 64,000 ಇರಬೇಕು. 68,000 ಇದ್ದರೆ ಇಡೀ 3,40,000ದ ಮೇಲೆ ಶೇ 20 ಹಾಕಿದ್ದಾರೆ. ಆಗ ಒಪ್ಪದ 20,000ವನ್ನು ಪೂರ್ತಿ ನೀವು ಕಟ್ಟಿ, ಅದರ ಮೇಲೆ ಮತ್ತೆ ನಾಲ್ಕು ಸಾವಿರ ಕೋ-ಪೇ ಕಟ್ಟಿದಂತಾಯಿತು. ಹಾಗೆಯೇ, ದಾಖಲಾಗುವಾಗ ಕಟ್ಟಿದ ಅಡ್ವಾನ್ಸ್ ಅನ್ನು ನಿಮ್ಮ ಪಾಲಿನಿಂದ ಕಳೆದಿದ್ದಾರೆಯೇ ನೋಡಿ.

ಆಸ್ಪತ್ರೆ ಅಂತಿಮ ಬಿಲ್ ಕಳಿಸಿದ ಮೇಲೆ ಕಂಪನಿ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು ಎಂಬುದು 2024ರ ನಿಯಮ. ತಪ್ಪು ಸರಿಪಡಿಸುವಂತೆ ಟಿಪಿಎಗೆ ಬರೆಯಲು ಆಗಲೇ ಹೇಳಿ. ಅದಕ್ಕಾಗಿ ರೋಗಿಯನ್ನು ವಾರ್ಡಿನಲ್ಲಿ ಕೂರಿಸಿಕೊಳ್ಳುವ ಸ್ಥಿತಿ ಬಂದರೆ ಹಣ ಕಟ್ಟಿ ಮನೆಗೆ ಕರೆದುಕೊಂಡು ಹೋಗಿ. ಪತ್ರ ಮತ್ತು ರಸೀತಿ ನಿಮ್ಮ ಬಳಿ ಇದ್ದರೆ ವ್ಯತ್ಯಾಸದ ಮೊತ್ತವನ್ನು ಆಮೇಲೂ ಕೇಳಬಹುದು.

ಕಂಪನಿ ಕಿವಿಗೊಡದಿದ್ದರೆ?

ಮೊದಲು ಕಂಪನಿಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಷ್ಟು ಕಳೆಯಬೇಕಿತ್ತು, ಎಷ್ಟು ಕಳೆದಿದ್ದಾರೆ ಎಂದು ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಸಾಕು. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ ಬಳಿ ಹೋಗಬಹುದು. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕ ಇಲ್ಲ, ವಕೀಲರ ಅಗತ್ಯ ಇಲ್ಲ. ಅದೇ ವಿಷಯ ನ್ಯಾಯಾಲಯದಲ್ಲೋ ಗ್ರಾಹಕ ಆಯೋಗದಲ್ಲೋ ಇದ್ದರೆ ಮಾತ್ರ ಅಲ್ಲಿ ತೆಗೆದುಕೊಳ್ಳುವುದಿಲ್ಲ.